ಹೊಸ ಚಾಟ್, ಅದೇ ಕನ್ನಡ

ಹೊರದೇಶದ ಊರೊಂದರಲ್ಲಿ ಒಂದು ಕನ್ನಡ ಸಂಘವಿದೆ ಎಂದುಕೊಳ್ಳಿ. ತಿಂಗಳಿಗೊಂದು ಸುದ್ದಿಪತ್ರ ಹೊರಡಬೇಕು. ಹಿರಿಯರಿಗೆ ಕನ್ನಡ ಲಿಪಿಯಲ್ಲಿ. ಅಲ್ಲೇ ಬೆಳೆದು, ಕನ್ನಡ ಮಾತಾಡಿದರೂ ಓದಲು ಬಾರದ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ. ಮೂವರು ಸರದಿಯ ಮೇಲೆ ಚಾಟ್‌ಜಿಪಿಟಿಯ ನೆರವಿನಿಂದ ಬರೆಯುತ್ತಾರೆ. ಮೊದಲ ತಿಂಗಳು ‘ತಾವು ಕುಟುಂಬ ಸಮೇತರಾಗಿ ಆಗಮಿಸಬೇಕೆಂದು ವಿನಂತಿ’ ಎಂದಿದ್ದ ಪತ್ರ, ಮರುತಿಂಗಳು ‘ಎಲ್ಲರೂ ಬನ್ನಿ’ ಎನ್ನುತ್ತದೆ. ಹಬ್ಬ ಒಮ್ಮೆ Ugadi, ಇನ್ನೊಮ್ಮೆ Yugadi.

ಇದಕ್ಕೆ ಕಾರಣ ಸರಳ. ಇಂಥ ತಂತ್ರಾಂಶ ಆಯಾ ಚಾಟ್‌ನಲ್ಲಿ ತನ್ನ ಮುಂದಿರುವ ಪಠ್ಯವನ್ನಷ್ಟೇ ನೋಡಿ ಬರೆಯುತ್ತದೆ. ಹೊಸ ಚಾಟ್ ತೆರೆದಾಗ ಹಿಂದಿನ ತಿದ್ದುಪಡಿಗಳು ತಾವಾಗಿ ಅಲ್ಲಿಗೆ ಬರುವುದಿಲ್ಲ. Memory ಎಂಬ ಸೌಲಭ್ಯ ಇದೆ, ನಿಜ. ಆದರೆ ಅದು ಒಬ್ಬರ ಖಾತೆಗೆ ಸೇರಿದ್ದು, ಏನನ್ನು ಇಟ್ಟುಕೊಳ್ಳಬೇಕೆಂಬುದನ್ನು ಬಹುಪಾಲು ಅದೇ ಆರಿಸುತ್ತದೆ. ಮೂವರು ಬರೆಯುವ ಪತ್ರಕ್ಕೆ ಅದನ್ನು ನಂಬಿ ಕೂರಲಾಗದು.

ಹಾಗಾಗಿ ಶೈಲಿಯನ್ನು ಅರ್ಧ ಪುಟದಲ್ಲಿ ಬರೆದು, ಮೂವರಿಗೂ ಸಿಗುವ ಕಡತದಲ್ಲಿಡಬೇಕು. ಪ್ರತಿ ಚಾಟ್‌ನ ಮೊದಲ ಸಂದೇಶವಾಗಿ ಅದನ್ನೇ ಅಂಟಿಸಬಹುದು. ಇಲ್ಲವೇ Custom instructions ಅಥವಾ Projects ಇರುವ ಕಡೆ ಒಮ್ಮೆ ಹಾಕಿಟ್ಟರೆ ಸಾಕು. ಆ ಟಿಪ್ಪಣಿಯಲ್ಲಿ ‘ಸರಳವಾಗಿ, ಆತ್ಮೀಯವಾಗಿ ಬರೆ’ ಎಂದರೆ ಪ್ರಯೋಜನ ಕಡಿಮೆ. ಆತ್ಮೀಯತೆಯನ್ನು ಹತ್ತು ಬಗೆಯಲ್ಲಿ ಬರೆಯಬಹುದಲ್ಲ! ಹೌದು–ಅಲ್ಲ ಎಂದು ಗುರುತು ಹಾಕಬಹುದಾದ ನಿಯಮವೇ ಬೇಕು, ಜೊತೆಗೆ ನಾವೇ ಬರೆದ ಮಾದರಿ ವಾಕ್ಯ ಬೇಕು.

```
ಓದುಗರನ್ನು ‘ನೀವು’ ಎನ್ನಿ; ‘ತಾವು’ ಬೇಡ.
ಬರುತ್ತೇವೆ ಎಂದು ಬರೆಯಿರಿ; ಬರ್ತೀವಿ ಬೇಡ.
ಟಿಕೆಟ್, ಪಾರ್ಕಿಂಗ್: ಕನ್ನಡ ಲಿಪಿಯಲ್ಲೇ ಇರಲಿ.
ಅಂಕಿ 1, 2, 3; ೧, ೨, ೩ ಬೇಡ.
ನಾನು ಯಾವ ಲಿಪಿಯಲ್ಲಿ ಕೇಳಿದರೂ ಉತ್ತರ ಕನ್ನಡ ಲಿಪಿಯಲ್ಲಿ.
ಮಾದರಿ: ಎಲ್ಲರೂ ಊಟಕ್ಕೆ ಬನ್ನಿ. ಮಕ್ಕಳಿಗೆ ಟಿಕೆಟ್ ಇಲ್ಲ.
```

ಲಿಪಿಯ ಸಾಲನ್ನು ಬಿಡಬೇಡಿ. ನಾವು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿದರೆ, ಉತ್ತರವೂ ಅನೇಕ ಸಲ ಅದೇ ಅಕ್ಷರಗಳಲ್ಲಿ ಬರುತ್ತದೆ.

ಹೆಚ್ಚು ಎಡವುವುದು ಲಿಪ್ಯಂತರದಲ್ಲಿ. ‘ಎಲ್ಲರೂ ಊಟಕ್ಕೆ ಬನ್ನಿ’ ಎಂಬುದನ್ನೇ ನೋಡಿ. ellaru ootakke banni, ellaroo ooTakke banni, ellarū ūṭakke banni: ಮೂರೂ ಬಳಕೆಯಲ್ಲಿವೆ. ಮೊದಲನೆಯದು ನಾವು ವಾಟ್ಸ್ಆ್ಯಪ್‌ನಲ್ಲಿ ಬರೆಯುವ ರೀತಿ. ಎರಡನೆಯದರಲ್ಲಿ ಟ, ಣ, ಳ ತೋರಿಸಲು ದೊಡ್ಡಕ್ಷರ ಬರುತ್ತದೆ. ಮೂರನೆಯದು ISO 15919 ಎಂಬ ಅಂತರರಾಷ್ಟ್ರೀಯ ಕ್ರಮ. ಯಾವುದೆಂದು ಹೇಳದಿದ್ದರೆ ಒಂದೇ ಪುಟದಲ್ಲಿ ಮೂರೂ ಬೆರೆಯುತ್ತವೆ. ಸಂಸ್ಕೃತಕ್ಕೆಂದು ರೂಪಿಸಿದ IAST ಕ್ರಮವನ್ನು ಹೆಸರಿಸಿ ಕೇಳುವವರೂ ಇದ್ದಾರೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲವಾದ್ದರಿಂದ ಅದರಲ್ಲಿ ಎ–ಏ, ಒ–ಓ ಬೇರೆ ಮಾಡುವ ಗುರುತಿಲ್ಲ. ಕೊಡು, ಕೋಡು ಎರಡೂ ಒಂದೇ ಆಗಿಬಿಡಬಹುದು. ಕನ್ನಡಕ್ಕೆ ISO ಕ್ರಮವೇ ಸರಿ.

ಆದರೆ ಮಕ್ಕಳಿಗೆ ಆ ಗೆರೆ–ಚುಕ್ಕೆಗಳು ತೊಡಕು. ಅವರಿಗಾಗಿ ನಮ್ಮದೇ ಪುಟ್ಟ ಪಟ್ಟಿ ಮಾಡಿಕೊಳ್ಳಬೇಕು: ಆ = aa, ಊ = oo, ತ = th, ಟ = t, ಹೀಗೆ. ಓ ಸ್ವರಕ್ಕೆ o ಎಂದು ಆಗಲೇ ನಿರ್ಧರಿಸಿ. ಅದಕ್ಕೂ oo ಬಳಸಿದರೆ ಓದು, ಊದು ಎರಡೂ oodu ಆಗುತ್ತವೆ.

ನನ್ನ ಸಲಹೆ ಇಷ್ಟು: ಮೂಲ ಬರಹ ಸದಾ ಕನ್ನಡ ಲಿಪಿಯಲ್ಲಿರಲಿ. ಕನ್ನಡದಿಂದ ಇಂಗ್ಲಿಷ್ ಅಕ್ಷರಕ್ಕೆ ಹೋಗುವುದು ಪಟ್ಟಿ ನೋಡಿ ಮಾಡುವ ಕೆಲಸ. ಅತ್ತಣಿಂದ ಇತ್ತ ಬರುವುದು ಊಹೆ. Halli ಎಂದರೆ ಹಳ್ಳಿಯೋ ಹಲ್ಲಿಯೋ ಸಂದರ್ಭವೇ ಹೇಳಬೇಕು. ISO ರೂಪ ಬೇಕಾದರೆ ಚಾಟ್ ಬಿಟ್ಟು ‘ಅಕ್ಷರಮುಖ’ದಂಥ ಲಿಪ್ಯಂತರ ಸಾಧನ ಬಳಸುವುದು ಲೇಸು. ಅದು ನಿಯಮದ ಪ್ರಕಾರ ಅಕ್ಷರ ಬದಲಿಸುತ್ತದೆ, ಇಂದು ಕೊಟ್ಟದ್ದನ್ನೇ ನಾಳೆಯೂ ಕೊಡುತ್ತದೆ.

ಟಿಪ್ಪಣಿ ಅಂಟಿಸಿದ ಮಾತ್ರಕ್ಕೆ ಎಲ್ಲ ಸರಿಹೋಗದು. ಮೊದಲ ಪ್ಯಾರಾ ನಿಯಮದಂತೆ ಬಂದು, ಮುಂದೆ ಹೋದಂತೆ ‘ತಾವು’, ‘ಆಗಮಿಸಿ’ ನುಸುಳುವುದುಂಟು. ಆದ್ದರಿಂದ ಕೊನೆಯ ಪ್ಯಾರಾವನ್ನು ಮೊದಲು ಪರೀಕ್ಷಿಸಿ. ಬೇಡವೆಂದ ಪದಗಳನ್ನು Ctrl+F ಒತ್ತಿ ಹುಡುಕಿದರೆ ಕಣ್ತಪ್ಪಿದ್ದೂ ಸಿಗುತ್ತದೆ. ಒಂದೇ ಚಾಟ್ ಬಹಳ ಉದ್ದವಾಗಿ ನಿಯಮ ಸಡಿಲಗೊಂಡರೆ ಜಗ್ಗಾಡುತ್ತಾ ಕೂರದೆ ಹೊಸದನ್ನು ತೆರೆದು ಟಿಪ್ಪಣಿಯನ್ನು ಮತ್ತೆ ಹಾಕುವುದೇ ಬೇಗ.

ಜನರ ಹೆಸರುಗಳಿಗೆ ಮಾತ್ರ ಈ ಯಾವ ನಿಯಮವೂ ಬೇಡ. ಲಕ್ಷ್ಮಿ ಎಂಬ ಒಬ್ಬರು Lakshmi, ಇನ್ನೊಬ್ಬರು Laxmi. ಅವರವರು ಬರೆದುಕೊಳ್ಳುವ ರೀತಿಯನ್ನು ಕೇಳಿ, ಎರಡು ಲಿಪಿಗಳಲ್ಲೂ ಬರೆದ ಪ್ರತ್ಯೇಕ ಪಟ್ಟಿಯನ್ನು ಟಿಪ್ಪಣಿಯ ಕೆಳಗೆ ಸೇರಿಸಿ. ಹೊಸ ಸದಸ್ಯರು ಬಂದಾಗಲೆಲ್ಲ ಅದಕ್ಕೊಂದು ಸಾಲು ಕೂಡಿಸಿ.