ಉಕ್ಕಿನ ರಿಮ್‌ನ ಬೀಡ್ ಸೀಟ್ ತುಕ್ಕು

ಉಕ್ಕಿನ ರಿಮ್‌ನ ಬೀಡ್ ಸೀಟ್ ತುಕ್ಕು ಎಂದರೆ ವಾಹನದ ಚಕ್ರದ ಉಕ್ಕಿನ ರಿಮ್‌ನಲ್ಲಿ, ಟೈರಿನ ಅಂಚು ಒತ್ತಿ ಕೂರುವ ಪಟ್ಟಿಯ ಮೇಲೆ ಬೆಳೆಯುವ ತುಕ್ಕು. ಹಳೆಯ ರಿಮ್‌ಗಳಿಗೆ ಹಾಕಿದ ಟ್ಯೂಬ್‌ಲೆಸ್ ಟೈರುಗಳಿಂದ ಗಾಳಿ ನಿಧಾನವಾಗಿ ಸೋರುವುದಕ್ಕೆ ಇದು ಸಾಮಾನ್ಯ ಕಾರಣಗಳಲ್ಲೊಂದು. ಟೈರಿನಲ್ಲಿ ಮೊಳೆಯಾಗಲಿ ತೂತಾಗಲಿ ಇಲ್ಲದಿದ್ದರೂ ಗಾಳಿ ಕಡಿಮೆಯಾಗುತ್ತಿರುತ್ತದೆ.

ಕಾರಣ

ಟೈರಿನ ಎರಡೂ ಒಳ ಅಂಚುಗಳಲ್ಲಿ ಉಕ್ಕಿನ ತಂತಿಗಳನ್ನು ರಬ್ಬರಿನಲ್ಲಿ ಹುದುಗಿಸಿದ ಬಳೆಯಂತಹ ಭಾಗವಿರುತ್ತದೆ. ಇದನ್ನು ಬೀಡ್ ಎನ್ನುತ್ತಾರೆ. ಬೀಡ್ ಕೂರುವ ರಿಮ್‌ನ ಪಟ್ಟಿಯೇ ಬೀಡ್ ಸೀಟ್. ಕಾರಿನ ರಿಮ್‌ಗಳಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಸುಮಾರು 5 ಡಿಗ್ರಿ ಇಳಿಜಾರಾಗಿರುತ್ತದೆ. ಗಾಳಿಯ ಒತ್ತಡವು ಬೀಡನ್ನು ಇಳಿಜಾರಿನ ಮೇಲೆ ಹೊರ ಅಂಚಿನತ್ತ ತಳ್ಳುವುದರಿಂದ ರಬ್ಬರು ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಟ್ಯೂಬ್ ಇಲ್ಲದ ಟೈರಿನಲ್ಲಿ ಗಾಳಿಯನ್ನು ತಡೆದಿಡುವುದು ಈ ಬಿಗಿತವೇ.

ಟೈರು ಹಾಕುವಾಗ ಮತ್ತು ಕಳಚುವಾಗ ಸಲಾಕೆಗಳು ರಿಮ್‌ನ ಬಣ್ಣವನ್ನು ಗೀರುತ್ತವೆ. ಆ ಗೀರಿನಲ್ಲಿ ನೀರು ನಿಂತು ತುಕ್ಕು ಹುಟ್ಟುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣವನ್ನು ಮೇಲಕ್ಕೆತ್ತಿ ಹಕ್ಕಳೆಯಾಗಿಸುತ್ತದೆ; ಎದ್ದ ಬಣ್ಣದಡಿಗೆ ಮತ್ತೆ ನೀರು ಸೇರುತ್ತದೆ. ಹೀಗೆ ಪಟ್ಟಿ ಉಬ್ಬುತಗ್ಗಾಗುತ್ತದೆ. ಉಬ್ಬುಗಳ ನಡುವಿನ ಸಣ್ಣ ಸಂದುಗಳನ್ನು ರಬ್ಬರು ತುಂಬಲಾರದು. ಗಾಳಿ ಅಲ್ಲಿಂದ ಹೊರಬರುತ್ತದೆ. ಮಳೆ ಹೆಚ್ಚಿರುವ ಕಡೆ, ಕಡಲತೀರದ ಉಪ್ಪುಗಾಳಿಯಿರುವ ಕಡೆ ತುಕ್ಕು ಬೇಗ ಹಬ್ಬುತ್ತದೆ.

ಪತ್ತೆ

ಸುಸ್ಥಿತಿಯಲ್ಲಿರುವ ಟೈರು ಸಹ ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ಕಳೆದುಕೊಳ್ಳುತ್ತದೆ. ಉದಾಹರಣೆಗೆ, 30 ಪಿಎಸ್‌ಐ ತುಂಬಿದ ಟೈರು ವಾರದ ನಂತರ 24ಕ್ಕೆ ಇಳಿದಿದ್ದರೆ ಸೋರಿಕೆಯಿದೆ ಎಂದರ್ಥ. ಚಾಲನೆಯ ಬಿಸಿಗೆ ಒತ್ತಡ ಏರುವುದರಿಂದ ಎರಡೂ ಬಾರಿ ಟೈರು ತಣ್ಣಗಿರುವಾಗಲೇ ಅಳೆಯಬೇಕು.

ಫಿಟ್ಟರ್ ಮೊದಲು ವಾಲ್ವಿಗೆ, ನಂತರ ಟೈರಿನ ಮೈಗೆ, ಕೊನೆಗೆ ರಿಮ್ ಮತ್ತು ಟೈರು ಸೇರುವ ಗೆರೆಗೆ ಸೋಪು ನೀರು ಹಚ್ಚುತ್ತಾನೆ. ಮೊಳೆಯ ತೂತಿನಲ್ಲಿ ಗುಳ್ಳೆಗಳು ಒಂದೇ ಬಿಂದುವಿನಿಂದ ಬರುತ್ತವೆ. ತುಕ್ಕಿನ ಸೋರಿಕೆಯಲ್ಲಿ ಗೆರೆಯುದ್ದಕ್ಕೂ ಕೆಲವು ಅಂಗುಲಗಳಷ್ಟು ಸಣ್ಣ ನೊರೆ ನಿಧಾನವಾಗಿ ಏಳುತ್ತದೆ. ಒಳಬದಿಯ ಅಂಚನ್ನು ನೋಡಲು ಚಕ್ರವನ್ನು ಬಿಚ್ಚಬೇಕಾಗುತ್ತದೆ. ನೊರೆ ಕಂಡ ಜಾಗವನ್ನು ಟೈರು ಮತ್ತು ರಿಮ್ ಎರಡರ ಮೇಲೂ ಸೀಮೆಸುಣ್ಣದಿಂದ ಗುರುತಿಸಲಾಗುತ್ತದೆ.

ಶುಚಿಗೊಳಿಸುವ ವಿಧಾನ

ವಾಲ್ವಿನ ಒಳಪಿನ್ನನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಟ್ಟ ಮೇಲೆಯೇ ಬೀಡನ್ನು ರಿಮ್‌ನಿಂದ ಬಿಡಿಸಿ ಟೈರನ್ನು ಕಳಚಲಾಗುತ್ತದೆ. ಕಣ್ಣಿಗೆ ಕನ್ನಡಕ ಧರಿಸಿ, ಸಡಿಲವಾದ ತುಕ್ಕು ಮತ್ತು ಎದ್ದ ಬಣ್ಣವನ್ನು ತಂತಿ ಬ್ರಷ್‌ನಿಂದ, ಇಲ್ಲವೇ ಡ್ರಿಲ್‌ಗೆ ಸಿಕ್ಕಿಸಿದ ತಂತಿ ಬ್ರಷ್‌ನಿಂದ ಉಜ್ಜಲಾಗುತ್ತದೆ. ಉಳಿದ ಒರಟನ್ನು ಎಮರಿ ಕಾಗದದಿಂದ ಸಮ ಮಾಡಲಾಗುತ್ತದೆ. ಸೋರಿದ ಜಾಗವನ್ನಷ್ಟೇ ಅಲ್ಲದೆ ಎರಡೂ ಪಟ್ಟಿಗಳನ್ನು ಸುತ್ತಲೂ ಉಜ್ಜುವುದು ವಾಡಿಕೆ. ಗ್ರೈಂಡರಿನ ಕಲ್ಲನ್ನು ಬಳಸಬಾರದು; ಅದು ಲೋಹವನ್ನೇ ಕೊರೆದು ಹೊಸ ತಗ್ಗು ಮಾಡುತ್ತದೆ. ಪಟ್ಟಿಯ ಮೇಲೆ ಬೆರಳಾಡಿಸಿದಾಗ ಎಲ್ಲಿಯೂ ತಡೆಯದಿದ್ದರೆ ಸಾಕು, ಲೋಹ ಹೊಳೆಯಲೇಬೇಕೆಂದಿಲ್ಲ.

ಬೀಡಿನ ರಬ್ಬರಿಗೆ ಅಂಟಿದ ತುಕ್ಕಿನ ಹಕ್ಕಳೆಗಳನ್ನೂ ಒರೆಸಿ ತೆಗೆಯಬೇಕು. ಇದನ್ನು ಬಿಟ್ಟರೆ ಶುಚಿ ಮಾಡಿದ ರಿಮ್‌ನಲ್ಲಿಯೂ ಸೋರಿಕೆ ಉಳಿಯುತ್ತದೆ. ಧೂಳು ಒರೆಸಿದ ನಂತರ ಬರಿದಾದ ಉಕ್ಕಿಗೆ ಪ್ರೈಮರ್ ಮತ್ತು ಬಣ್ಣವನ್ನು ತೆಳುವಾಗಿ ಬಳಿದು ಪೂರ್ತಿ ಒಣಗಲು ಬಿಡಲಾಗುತ್ತದೆ. ದಪ್ಪನೆಯ ಅಥವಾ ಹಸಿ ಬಣ್ಣ ಬೀಡಿಗೆ ಅಂಟಿಕೊಂಡು ಮುಂದಿನ ಸಲ ಕಿತ್ತು ಬರುತ್ತದೆ. ಅಲ್ಪಸ್ವಲ್ಪ ಚುಕ್ಕೆಗುಳಿಗಳು ಉಳಿದಿದ್ದರೆ ಬೀಡ್ ಸೀಲರ್ ಎಂಬ ದ್ರವವನ್ನು ಹಚ್ಚುವುದುಂಟು. ತುಕ್ಕನ್ನು ತೆಗೆಯದೆ ಅದರ ಮೇಲೆಯೇ ಸೀಲರ್ ಹಚ್ಚಿದರೆ ಹಕ್ಕಳೆಯೊಡನೆ ಅದೂ ಕಳಚುತ್ತದೆ.

ಟೈರನ್ನು ಮತ್ತೆ ಹಾಕುವಾಗ ಬೀಡಿಗೆ ಟೈರು ಸೋಪನ್ನು ಹಚ್ಚಲಾಗುತ್ತದೆ. ಗ್ರೀಸು ಮತ್ತು ಎಂಜಿನ್ ಎಣ್ಣೆ ರಬ್ಬರನ್ನು ಕೆಡಿಸುತ್ತವೆ. ಬೀಡ್ ಸದ್ದಿನೊಂದಿಗೆ ಕೂರುವವರೆಗೆ ಗಾಳಿ ತುಂಬುವಾಗ ಕಾರಿನ ಟೈರಿನಲ್ಲಿ 40 ಪಿಎಸ್‌ಐ ಮೀರಬಾರದು. ಅಷ್ಟರಲ್ಲಿ ಕೂರದಿದ್ದರೆ ಗಾಳಿ ಬಿಟ್ಟು ಕಾರಣ ಹುಡುಕಬೇಕು. ನಂತರ ನಿಗದಿತ ಒತ್ತಡಕ್ಕೆ ತಂದು, ಸೋಪು ನೀರಿನ ಪರೀಕ್ಷೆಯನ್ನು ಪುನಃ ನಡೆಸಿ, ಚಕ್ರವನ್ನು ಬ್ಯಾಲೆನ್ಸ್ ಮಾಡಲಾಗುತ್ತದೆ.

ಮಿತಿಗಳು

ತುಕ್ಕು ತೆಗೆದ ಮೇಲೆ ಆಳವಾದ ಗುಳಿಗಳು, ತೆಳುವಾದ ಲೋಹ ಅಥವಾ ಬಿರುಕು ಕಂಡರೆ ರಿಮ್ ಬದಲಿಸಬೇಕು. ಬಗ್ಗಿದ ಅಂಚಿನಿಂದಾಗುವ ಸೋರಿಕೆ ಉಜ್ಜುವುದರಿಂದ ನಿಲ್ಲುವುದಿಲ್ಲ. ಟೈರಿನೊಳಗೆ ಟ್ಯೂಬ್ ಹಾಕಿದರೆ ಸೋರಿಕೆ ಸದ್ಯಕ್ಕೆ ನಿಲ್ಲಬಹುದು; ಆದರೆ ತುಕ್ಕು ಹಾಗೆಯೇ ಬೆಳೆಯುತ್ತದೆ, ಒರಟು ರಿಮ್‌ಗೆ ಉಜ್ಜಿ ಟ್ಯೂಬ್ ಸಹ ಸವೆಯುತ್ತದೆ.