ಮಲಗಿದೊಡನೆ ಬಾಯಿಗೆ ಹುಳಿನೀರು ಏಕೆ?

ಪ್ರಶ್ನೆ: ರಾತ್ರಿ ಉಂಡು ಮಲಗಿದರೆ ಬಾಯಿಗೆ ಹುಳಿನೀರು, ಕಹಿ ಬರುತ್ತದೆ. ಪಿತ್ತ ಹೆಚ್ಚಾಗಿದೆಯೇ? (ಅರಸೀಕೆರೆಯ ಓದುಗರು)

ಉತ್ತರ: ಪಿತ್ತ ಹೆಚ್ಚಾಗಿರಬೇಕೆಂದಿಲ್ಲ, ಜಠರದಲ್ಲಿರಬೇಕಾದದ್ದು ಮೇಲೆ ಬರುತ್ತಿದೆ. ಹುಳಿ ಜಠರದ ಆಮ್ಲದ್ದು. ಕಹಿ ಕರುಳಿನಿಂದ ಹಿಮ್ಮರಳಿದ ಪಿತ್ತರಸದ್ದಿರಬಹುದು. ಹೊಟ್ಟೆ ತುಂಬಿ ಹಿಗ್ಗಿದಾಗ ಅನ್ನನಾಳದ ಬುಡದ ಸ್ನಾಯುಬಳೆ ಆಗಾಗ ಸಡಿಲಗೊಳ್ಳುತ್ತದೆ. ಕೂತಿದ್ದರೆ ಮೇಲೆ ಬಂದದ್ದು ಭಾರಕ್ಕೆ ಕೆಳಗಿಳಿಯುತ್ತದೆ, ಮಲಗಿದರೆ ಗಂಟಲಿಗೆ ಹರಿಯುತ್ತದೆ. ಅದೇ ಮುದ್ದೆ, ಸಾರು ಮಧ್ಯಾಹ್ನ ತೊಂದರೆ ಕೊಡುವುದಿಲ್ಲವಲ್ಲ ಎನ್ನುವಿರಾ? ತಪ್ಪು ಊಟಕ್ಕಿಂತ ಮಲಗುವ ಹೊತ್ತಿನದು ಎನ್ನಲು ಅದೇ ಸಾಕ್ಷಿ. ಹಾಗಾಗಿ ಊಟಕ್ಕೂ ನಿದ್ದೆಗೂ 3 ಗಂಟೆ ಅಂತರವಿರಲಿ. ದಿಂಬು ಏರಿಸಿದರೆ ಸಾಲದೇ? ಸಾಲದು, ಕತ್ತಷ್ಟೇ ಬಾಗಿ ಹೊಟ್ಟೆ ಒತ್ತಿಕೊಳ್ಳುತ್ತದೆ. ಮಂಚದ ತಲೆಭಾಗದ ಕಾಲುಗಳಡಿ 15–20 ಸೆಂ.ಮೀ. ಎತ್ತರಕ್ಕೆ ಇಟ್ಟಿಗೆ ಇಡಿ, ಎಡಮಗ್ಗುಲಿಗೆ ಮಲಗಿ. ನುಂಗಲು ಕಷ್ಟ, ತೂಕ ಇಳಿಕೆ, ಕಪ್ಪು ಮಲ ಕಂಡರೆ ವೈದ್ಯರ ಬಳಿ ಹೋಗಿ. ಎದೆನೋವು ಬೆವರಿನೊಂದಿಗೆ ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಿ.