ರಸೀತಿ ಪುಸ್ತಕ ಬದಿಗಿಡಿ, ಲಾಭ ಏನೆಂದು ಹೇಳಿ!

ರಾಜ್ಯೋತ್ಸವ ಹತ್ತಿರ ಬಂತೆಂದರೆ ಪೇಟೆ ಬೀದಿಯ ವ್ಯಾಪಾರಸ್ಥರಿಗೆ ದಿಗಿಲು. ರಸೀತಿ ಪುಸ್ತಕ ಹಿಡಿದ ಹುಡುಗರ ದಂಡು ಅಂಗಡಿ ಮೆಟ್ಟಿಲು ಹತ್ತುತ್ತದೆ. "ಏನಾದ್ರೂ ಕೊಡಿ ಸಾರ್, ಕನ್ನಡದ ಕೆಲಸ!" ಮಾಲೀಕರು ಐನೂರು ಕೊಟ್ಟು ಸಾಗಹಾಕುತ್ತಾರೆ. ಆ ದುಡ್ಡು ಹಬ್ಬಕ್ಕೂ ಸಾಲದು, ಅಂಗಡಿಗೂ ಗಿಟ್ಟದು.

ಕೇಳುವ ಕ್ರಮ ಬದಲಾದರೆ ಇಬ್ಬರಿಗೂ ಕ್ಷೇಮ. ಮೂರು ಸಂಜೆಯ ಕಾರ್ಯಕ್ರಮಕ್ಕೆ ಶಾಮಿಯಾನ, ಮೈಕು, ಕಲಾವಿದರ ಸಂಭಾವನೆ ಎಲ್ಲಾ ಸೇರಿ 60,000 ರೂಪಾಯಿ ಬೇಕು ಎಂದಿಟ್ಟುಕೊಳ್ಳಿ. ಐನೂರರಂತೆ ಎತ್ತಿದರೆ 120 ಅಂಗಡಿ ಸುತ್ತಬೇಕು. ಅದರ ಬದಲು ಒಂದೊಂದು ಸಂಜೆಯನ್ನು ಒಂದೊಂದು ಅಂಗಡಿಗೆ 10,000ಕ್ಕೆ ವಹಿಸಿದರೆ 30,000 ಬಂತು. ಕರಪತ್ರದ ಹಿಂಬದಿಯಲ್ಲಿ ಸಾವಿರದಂತೆ 12 ಜಾಹೀರಾತು ಹಾಕಿದರೆ ಇನ್ನೂ 12,000. ಉಳಿದ 18,000ಕ್ಕೆ 36 ರಸೀತಿ ಹರಿದರೆ ಮುಗಿಯಿತು.

ಹತ್ತು ಸಾವಿರ ಕೊಡುವವರು "ನನಗೇನ್ ಸಿಗುತ್ತಪ್ಪಾ?" ಎಂದು ಕೇಳದೆ ಬಿಡುತ್ತಾರೆಯೇ? ಉತ್ತರ ಮನವಿ ಪತ್ರದಲ್ಲೇ ಇರಬೇಕು. ವೇದಿಕೆಯ ಹಿಂಬದಿಯಲ್ಲಿ ಅಂಗಡಿ ಹೆಸರು ಎಷ್ಟು ಅಡಿ, ಮೈಕಿನಲ್ಲಿ ಎಷ್ಟು ಸಲ, ಎಷ್ಟು ಗಂಟೆಗೆ ಎಂಬುದನ್ನೆಲ್ಲ ಬರೆಯಬೇಕು. ಜನ ಎದ್ದು ಹೋದ ಮೇಲೆ ಕೂಗಿದ ಹೆಸರು ಖಾಲಿ ಕುರ್ಚಿಗೆ ಕೇಳಿಸಿದಂತೆ. ವಿಶೇಷ ವಿನಾಯಿತಿ ಇಲ್ಲದಿದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು. ಫ್ಲೆಕ್ಸ್ ತೂಗುಹಾಕುತ್ತೇವೆಂಬ ಮಾತಂತೂ ಬೇಡ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ. ಬಟ್ಟೆ ಬ್ಯಾನರ್ ಎಂದೇ ಬರೆಯಬೇಕು. ಒಂದು ಬೇಕರಿ ವಹಿಸಿಕೊಂಡ ಸಂಜೆಗೆ ಇನ್ನೊಂದು ಬೇಕರಿ ಹೆಸರು ಸೇರಿಸುವುದಿಲ್ಲ ಎಂಬ ಮಾತೂ ಪತ್ರದಲ್ಲಿರಲಿ.

ಲಾಭವನ್ನು ಎಣಿಸುವ ಉಪಾಯವೂ ಇದೆ. ಕರಪತ್ರದ ಮೂಲೆಯಲ್ಲಿ ಕತ್ತರಿಸಿ ಕೊಡುವ ಚೀಟಿ ಅಚ್ಚು ಹಾಕಿಸಿ, ತಂದವರಿಗೆ ಸಾಮಾನಿನಲ್ಲಿ ಐದೋ ಹತ್ತೋ ರೂಪಾಯಿ ಬಿಟ್ಟರಾಯಿತು. ತಿಂಗಳ ಕೊನೆಗೆ ಗಲ್ಲಾದಲ್ಲಿ ಎಷ್ಟು ಚೀಟಿ ಬಿತ್ತೋ ಅಷ್ಟು ಗಿರಾಕಿ ಹಬ್ಬದಿಂದ ಬಂದರು ಎಂದು ತಿಳಿಯುತ್ತದೆ. ಮುಂದಿನ ವರ್ಷ ಕೊಡಬೇಕೋ ಬೇಡವೋ ಎಂಬುದನ್ನು ಆ ಚೀಟಿಗಳೇ ಹೇಳುತ್ತವೆ.

ಲೆಕ್ಕಪುಸ್ತಕ ಇಟ್ಟು ಆದಾಯ ತೆರಿಗೆ ಕಟ್ಟುವವರು ಇನ್ನೊಂದು ಸಂಗತಿ ಗಮನಿಸಬೇಕು. ರಸೀತಿಯಲ್ಲಿ ಬರೀ "ವಂತಿಗೆ" ಎಂದಿದ್ದರೆ ಅದು ವ್ಯಾಪಾರದ ಖರ್ಚಾಗುವುದು ಕಷ್ಟ. ನಿಜಕ್ಕೂ ಜಾಹೀರಾತು ಹಾಕಿ, "ಜಾಹೀರಾತು ಬಾಬ್ತು" ಎಂದು ಬಿಲ್ಲು ಕೊಟ್ಟರೆ ಖರ್ಚಿಗೆ ಹಿಡಿಯಬಹುದು. ಒಂದೇ ದಿನ ಒಬ್ಬರಿಗೆ 10,000 ಮೀರಿ ನಗದು ಕೊಟ್ಟರೆ ಆ ಸೌಲಭ್ಯವೂ ಇಲ್ಲ, ಚೆಕ್ಕೇ ಲೇಸು.

ಸಾಮಾನ್ಯವಾಗಿ ಎಡವಟ್ಟಾಗುವುದು ದಿನಾಂಕದಲ್ಲಿ. ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಪತ್ರ ಬರುತ್ತದೆ. ಅಷ್ಟರಲ್ಲಿ ಕರಪತ್ರ ಅಚ್ಚಾಗಿರುತ್ತದೆ, ದುಡ್ಡು ಕೊಟ್ಟವರ ಹೆಸರೇ ಅದರಲ್ಲಿರುವುದಿಲ್ಲ. ಆದ್ದರಿಂದ ಪ್ರೆಸ್ಸಿಗೆ ಹೋಗುವ ದಿನ ಯಾವುದೆಂದು ಮೊದಲು ಕೇಳಿ, ಆಮೇಲೆ ಗಲ್ಲಾ ತೆಗೆಯುವುದು ಜಾಣತನ. ಹಬ್ಬ ಮುಗಿದ ವಾರದೊಳಗೆ ಜಮಾ-ಖರ್ಚಿನ ಪಟ್ಟಿ, ಬ್ಯಾನರಿನ ಫೋಟೋ ಅಂಗಡಿಗೆ ತಲುಪಿಸುವ ಸಂಘಕ್ಕೆ ಮರುವರ್ಷ "ಬನ್ನಿ, ಕೂತ್ಕೊಳ್ಳಿ" ಎಂಬ ಸ್ವಾಗತ ಸಿಗುತ್ತದೆ. ತಲುಪಿಸದವರಿಗೆ "ಯಜಮಾನ್ರು ಊರಲ್ಲಿಲ್ಲ" ಎಂಬ ಉತ್ತರ ಕಾದಿರುತ್ತದೆ.